ಮುಚ್ಚಿದ ದೂರು ಮತ್ತೆ ಬಂತಾ? ಕಾಪಾ ರಿಪೋರ್ಟ್‌ನಲ್ಲಿ ಎಲ್ಲಿ ಎಡವಿದ್ದೇವೆ ಅಂತ ಹುಡುಕುವ ಬಗೆ

ನಾನು ಪುಣೆ ಹತ್ತಿರದ ಚಾಕಣ್ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಮಷಿನಿಂಗ್ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಊರು ಅಥಣಿ ಕಡೆ. ನಮ್ಮ ಲೈನಿನಲ್ಲಿ ಇಂಡಿ, ಜತ್ತ, ಸೊಲ್ಲಾಪುರದ ಹುಡುಗರು ಜಾಸ್ತಿ. ಹೀಗಾಗಿ ಮೀಟಿಂಗ್ ಮರಾಠಿಯಲ್ಲಿ ಶುರುವಾದರೂ ಜಗಳ ಮಾತ್ರ ಕನ್ನಡದಲ್ಲೇ ಮುಗಿಯುತ್ತದೆ.

ಕಸ್ಟಮರ್ ದೂರು ಬಂದಾಗ ಬರೆಯುವ ಕಾಪಾ, ಅಂದರೆ ಕರೆಕ್ಟಿವ್ ಆ್ಯಂಡ್ ಪ್ರಿವೆಂಟಿವ್ ಆ್ಯಕ್ಷನ್ ರಿಪೋರ್ಟ್ ಇದೆಯಲ್ಲ, ಅದನ್ನು ನಾನು ಹಲವು ವರ್ಷ ಪರೀಕ್ಷೆಯ ಉತ್ತರಪತ್ರಿಕೆ ತರಹ ಬರೆದೆ. ಎಲ್ಲ ಖಾನೆ ತುಂಬಿದರೆ ಪಾಸು ಅಂತ. ಮುಚ್ಚಿದ ದೂರೊಂದು ಎರಡು ತಿಂಗಳಿಗೆ ವಾಪಸ್ ಬಂದಾಗ ಬುದ್ಧಿ ಬಂತು. ಆ ಒಂದು ಕೇಸನ್ನೇ ಹಿಡಿದು ಇಲ್ಲಿ ಹೇಳುತ್ತೇನೆ. ನಿಮಗೆ ಯಾವ ಲಕ್ಷಣ ಕಾಣುತ್ತಿದೆಯೋ ಆ ಭಾಗಕ್ಕೆ ನೇರ ಹೋಗಿ. ಮೊದಲಿನವು ಕೂತಲ್ಲೇ ಮಾಡುವ ತಪಾಸಣೆ, ಕೊನೆಯವಕ್ಕೆ ಮಷಿನ್, ದಿನ, ದುಡ್ಡು ಎಲ್ಲ ಬೇಕು.

ಕೇಸು ಇಷ್ಟು. ಪಂಪ್ ಕೂರಿಸುವ ಒಂದು ಅಲ್ಯೂಮಿನಿಯಂ ಬ್ರಾಕೆಟ್. ಅದರಲ್ಲಿ ಆರಪಾರ ಇಲ್ಲದ ಒಂದು ತೂತು. 22 ಮಿಮೀ ಆಳ ಡ್ರಿಲ್, ಅದರೊಳಗೆ ಎಂ8 ಥ್ರೆಡ್ 18 ಮಿಮೀ ಆಳ. ಇಲ್ಲಿಯವರು ಥ್ರೆಡ್‌ಗೆ ಆಟೆ ಅನ್ನುತ್ತಾರೆ. ಕಸ್ಟಮರ್ ಪ್ಲಾಂಟ್ ರಾಂಜಣಗಾವ್‌ನಲ್ಲಿದೆ. ಅವರ ಬೋಲ್ಟ್ 16 ಮಿಮೀ ಒಳಗೆ ಹೋಗಬೇಕು. ಟಾರ್ಕ್ ರೆಂಚ್ ಕಟ್ ಅಂತ ಸದ್ದು ಮಾಡಿದೆ, ಆದರೆ ವಾಷರ್ ಕೈಯಲ್ಲಿ ತಿರುಗುತ್ತಿದೆ. ಬೋಲ್ಟ್ ಅರ್ಧದಲ್ಲೇ ಸಿಕ್ಕಿಕೊಂಡು ಬಿಗಿಯಾದ ಹಾಗೆ ನಟಿಸಿದೆ. ಮೊದಲ ಸಲ 4 ಪೀಸ್. ನಾವು ರಿಪೋರ್ಟ್ ಬರೆದೆವು, ಮೂರು ವಾರಕ್ಕೆ ದೂರು ಮುಚ್ಚಿತು. ಎರಡು ತಿಂಗಳಾದ ಮೇಲೆ ಅದೇ ದೋಷದ 6 ಪೀಸ್.

ಲಕ್ಷಣ 1: ರಿಪೋರ್ಟ್ ಕಳಿಸಿದ ದಿನವೇ ವಾಪಸ್ ಬರುತ್ತದೆ

ಇದು ಎಲ್ಲಕ್ಕಿಂತ ಸುಲಭದ ಕಾಯಿಲೆ. ಹತ್ತರಲ್ಲಿ ಎಂಟು ಸಲ ತಪ್ಪು ಮೊದಲ ಸಾಲಿನಲ್ಲೇ ಇರುತ್ತದೆ. ನಮ್ಮ ಮೊದಲ ರಿಪೋರ್ಟ್‌ನಲ್ಲಿ ಸಮಸ್ಯೆ ಅನ್ನುವ ಖಾನೆಯಲ್ಲಿ ನಾನೇ ಬರೆದದ್ದು: "ಥ್ರೆಡ್ ಸರಿಯಿಲ್ಲ." ಏನು ಸರಿಯಿಲ್ಲ? ಸೈಜಾ, ಆಳವಾ, ಹರಿದಿದೆಯಾ? ಅದನ್ನು ಓದಿ ಯಾರಿಗೂ ಏನೂ ಹೊಳೆಯುವುದಿಲ್ಲ, ಬರೆದವನಿಗೂ.

ಎರಡನೇ ಸಲ ಬರೆದದ್ದು ಹೀಗೆ: ಎಂ8 ಥ್ರೆಡ್‌ನ ಆಳ 18 ಇರಬೇಕಾದಲ್ಲಿ 14.5 ಮಿಮೀ ಇದೆ, 6 ಪೀಸ್, ಎಲ್ಲದರ ಮೇಲೂ ಒಂದೇ ತಾರೀಖು, ಮೂರನೇ ಶಿಫ್ಟ್‌ನ ಗುರುತು. ಇಷ್ಟು ಬರೆದ ಕೂಡಲೇ ಅರ್ಧ ಕೆಲಸ ಆಯಿತು. ಒಂದನೇ, ಎರಡನೇ ಶಿಫ್ಟ್‌ನ ಪೀಸ್ ಒಂದೂ ಯಾಕಿಲ್ಲ? ಈ ಪ್ರಶ್ನೆ ತಾನಾಗಿ ಎದ್ದು ನಿಲ್ಲುತ್ತದೆ. ಹಳೆಯ ದೂರಿನ 4 ಪೀಸ್ ಇನ್ನೂ ನನ್ನ ಡ್ರಾವರ್‌ನಲ್ಲಿ ಇದ್ದವು. ತೆಗೆದು ನೋಡಿದರೆ ಅವೂ ಮೂರನೇ ಶಿಫ್ಟ್‌ನವೇ! ಎರಡು ತಿಂಗಳು ಡ್ರಾವರ್‌ನಲ್ಲಿ ಉತ್ತರ ಇಟ್ಟುಕೊಂಡು ಕೂತಿದ್ದೆ.

ಖರ್ಚಿಲ್ಲದ ಇನ್ನೊಂದು ತಪಾಸಣೆ ಇದೆ. ಕಾರಣ, ಕ್ರಮ, ಪರೀಕ್ಷೆ ಮೂರನ್ನೂ ಒಂದೇ ಉಸಿರಿನಲ್ಲಿ ಗಟ್ಟಿಯಾಗಿ ಓದಿ, ನಡುವೆ "ಅದಕ್ಕೇ" ಅಂತ ಸೇರಿಸಿ. ನಮ್ಮ ಹಳೆಯದನ್ನು ಓದಿದರೆ ಹೀಗಿತ್ತು: ಆಪರೇಟರ್ ಗಮನ ಕೊಡಲಿಲ್ಲ, ಅದಕ್ಕೇ ಟ್ರೇನಿಂಗ್ ಕೊಟ್ಟೆವು, ಅದಕ್ಕೇ ಮೂರು ಲಾಟ್‌ನಲ್ಲಿ ದೋಷ ಬರಲಿಲ್ಲ. ಟ್ರೇನಿಂಗ್ ಕೊಟ್ಟರೆ ಥ್ರೆಡ್ ಆಳ ಯಾಕೆ ಹೆಚ್ಚುತ್ತದೆ? ಕೊಂಡಿಯೇ ಇಲ್ಲ. ಕಸ್ಟಮರ್ ಕಡೆಯ ಎಂಜಿನಿಯರ್ ಇದನ್ನೇ ಓದುತ್ತಾನೆ, ಅವನಿಗೂ ಇದೇ ಅನ್ನಿಸುತ್ತದೆ. ಮೊದಲ ಸಲ ಅವನು ಸಹಿ ಹಾಕಿದ್ದು ಬಹುಶಃ ಸುಸ್ತಾಗಿ.

ಲಕ್ಷಣ 2: ತಡೆದೆವು ಅಂದ ಮೇಲೂ ಇನ್ನೊಂದೆರಡು ಪೀಸ್ ಸಿಗುತ್ತಲೇ ಇರುತ್ತವೆ

ದೂರು ಬಂದ ದಿನ ಮಾಡುವ ಮೊದಲ ಕೆಲಸ ಮಾಲು ತಡೆಯುವುದು. ಕಾರಣ ಹುಡುಕುವುದು ಆಮೇಲೆ. ಬಹಳ ಕಸ್ಟಮರ್‌ಗಳು ಇದಕ್ಕೆ 24 ಗಂಟೆ ಕೊಡುತ್ತಾರೆ. ನಾವು ಏನು ಮಾಡುತ್ತೇವೆ? ಇಬ್ಬರನ್ನು ಟೆಂಪೋದಲ್ಲಿ ಶಿಕ್ರಾಪುರ ರೋಡಿನ ಜಾಮ್ ದಾಟಿಸಿ ರಾಂಜಣಗಾವ್‌ಗೆ ಕಳಿಸುತ್ತೇವೆ. ಅಲ್ಲಿ ಅವರು ಸ್ಟಾಕ್ ಆರಿಸುತ್ತಾರೆ, "ಇಷ್ಟು ಸಿಕ್ಕವು" ಅಂತ ಬರೆಯುತ್ತೇವೆ. ಎಷ್ಟು ಸಿಗಬೇಕಿತ್ತು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಇಲ್ಲಿ ಲೆಕ್ಕ ಕೂಡಬೇಕು. ನಮ್ಮ ಕೇಸಿನಲ್ಲಿ ಆ ರಾತ್ರಿ ಥ್ರೆಡ್ ಕೊರೆಯುವ ಟೂಲ್, ಅಂದರೆ ಟ್ಯಾಪ್, ಮುರಿದಿತ್ತು. ಟ್ಯಾಪ್ ಕೊಟ್ಟ ರಿಜಿಸ್ಟರ್‌ನಲ್ಲಿ ಬೆಳಗಿನ ಜಾವ 5 ಗಂಟೆ ಅಂತ ಇತ್ತು. ಒಂದು ಪೀಸ್‌ಗೆ 3 ನಿಮಿಷ. ಹೊಸ ಟ್ಯಾಪ್ ಹಾಕಿ ಮತ್ತೆ ಮಷಿನ್ ಓಡಿಸಿದ್ದು 5 ದಾಟಿ ಆರು ನಿಮಿಷಕ್ಕೆ. 7ಕ್ಕೆ ಶಿಫ್ಟ್ ಬದಲು. ಮಷಿನ್ ಕೌಂಟರ್ ಪ್ರಕಾರ ಅಷ್ಟರಲ್ಲಿ 38 ಪೀಸ್ ಬಂದಿವೆ. ಅಂದರೆ ಹುಡುಕಬೇಕಾದದ್ದು 38.

ಸಿಕ್ಕಿದ್ದು? ಕಸ್ಟಮರ್ ಲೈನಿನಲ್ಲಿ 6, ಅವರ ಸ್ಟೋರ್‌ನಲ್ಲಿ 19, ನಮ್ಮ ಡಿಸ್ಪ್ಯಾಚ್‌ನಲ್ಲಿ 9. ಒಟ್ಟು 34. ನಾಲ್ಕು ಎಲ್ಲಿ ಹೋದವು? ಇಂಥ ಹೊತ್ತಿನಲ್ಲಿ "ಕೌಂಟರ್ ತಪ್ಪಿರಬೇಕು ಬಿಡಿ" ಅನ್ನುವ ಮಾತು ಒಂದು ಬರುತ್ತದೆ. ನಂಬಬೇಡಿ. ನಮ್ಮ ರಿಜೆಕ್ಷನ್ ಬಿನ್ ನೋಡಿದೆವು, ಟ್ರಾಲಿ ನೋಡಿದೆವು, ಇಲ್ಲ. ಕೊನೆಗೆ ಕಸ್ಟಮರ್‌ಗೆ ನಾವೇ ಫೋನ್ ಮಾಡಿ ನಾಲ್ಕು ಬಾಕಿ ಇದೆ ಅಂದೆವು. ಅವರ ಟೆಸ್ಟಿಂಗ್ ಜಾಗದಲ್ಲಿ ಆಗಲೇ ಜೋಡಿಸಿಟ್ಟ ಯೂನಿಟ್‌ಗಳಲ್ಲಿ ಸಿಕ್ಕವು. ಬೈಸಿಕೊಂಡೆವು, ಆದರೆ ಮಾಲು ಅವರ ಗೇಟ್ ದಾಟಿರಲಿಲ್ಲ.

ಇಲ್ಲಿ ನಿಲ್ಲಿ: ಲೆಕ್ಕ ಕೂಡದೆ, ಬಾಕಿ ಪೀಸ್ ಗೇಟ್ ದಾಟಿ ಗಾಡಿಯಲ್ಲೋ ಮಷಿನ್‌ನಲ್ಲೋ ಕೂತು ಹೋಗಿದ್ದರೆ, ಅದರಲ್ಲೂ ಬ್ರೇಕ್, ಸ್ಟೀರಿಂಗ್, ಇಂಧನ, ಲಿಫ್ಟಿಂಗ್ ಇಂಥ ಜಾಗದ ಪಾರ್ಟ್ ಆಗಿದ್ದರೆ, ಇದು ನಿಮ್ಮ ರಿಪೋರ್ಟ್‌ನ ವಿಷಯವಾಗಿ ಉಳಿಯಲಿಲ್ಲ. ಅದೇ ದಿನ ನಿಮ್ಮ ಪ್ಲಾಂಟ್ ಹೆಡ್‌ಗೆ ಹೇಳಿ, ಕಸ್ಟಮರ್‌ಗೆ ಬರಹದಲ್ಲಿ ತಿಳಿಸಿ, ಡಿಸ್ಪ್ಯಾಚ್ ನಿಲ್ಲಿಸಿ. ವಾಪಸ್ ಕರೆಸಬೇಕೋ ಬೇಡವೋ ಅನ್ನುವುದು ಅವರ ತೀರ್ಮಾನ. ಕಾರಣ ಸಿಗಲಿ ಆಮೇಲೆ ಹೇಳೋಣ ಅಂತ ಕಾಯಬೇಡಿ.

ಪೀಸ್ ಆರಿಸುವಾಗ ಒಂದು ಎಚ್ಚರಿಕೆ. ಮುಚ್ಚಿದ ತೂತಿನೊಳಗೆ ಚಿಪ್ಸ್ ಇರುತ್ತದೆ ಅಂತ ಏರ್ ಗನ್ ಹಿಡಿಯುತ್ತಾರೆ. ಅದು ಹೋದ ದಾರಿಯಲ್ಲೇ ವಾಪಸ್ ಬಂದು ಕಣ್ಣಿಗೆ ಹೊಡೆಯುತ್ತದೆ. ಕಸ್ಟಮರ್ ಪ್ಲಾಂಟ್‌ಗೆ ಹೋಗುವ ಹುಡುಗರಿಗೆ ಗೇಜ್ ಜೊತೆ ಕನ್ನಡಕವನ್ನೂ ಕೊಟ್ಟು ಕಳಿಸಿ.

ಲಕ್ಷಣ 3: ಯಾಕೆ, ಯಾಕೆ ಅಂತ ಕೇಳುತ್ತಾ ಹೋಗುವ ವೈ-ವೈ ಎಲ್ಲಿಂದ ಹೊರಟರೂ "ಆಪರೇಟರ್ ನಿರ್ಲಕ್ಷ್ಯ"ದಲ್ಲೇ ನಿಲ್ಲುತ್ತದೆ

ಹಾಗಾದರೆ ನೀವು ಮಷಿನ್ ಹತ್ತಿರ ಹೋಗಿಲ್ಲ ಅಂತ ಅರ್ಥ. ನಾನೂ ಹೋಗಿರಲಿಲ್ಲ. ಎರಡನೇ ಸಲ ಹೋದೆ, ಅದೂ ಬೆಳಗಿನ ಜಾವ. ಮೂರನೇ ಶಿಫ್ಟ್‌ನ ದೋಷವನ್ನು ಹಗಲು 11ಕ್ಕೆ ಹುಡುಕಿದರೆ ಸಿಗುತ್ತದಾ?

ಒಂದು ಪ್ರಶ್ನೆಯನ್ನು ಮೂರಾಗಿ ಒಡೆಯಿರಿ. ದೋಷ ಹುಟ್ಟಿದ್ದು ಯಾಕೆ? ಹುಟ್ಟಿದ್ದು ಕೈ ತಪ್ಪಿ ಹೊರಗೆ ಹೋದದ್ದು ಯಾಕೆ? ನಮ್ಮ ಪದ್ಧತಿಗೆ ಅದು ಗೊತ್ತೇ ಆಗದಿದ್ದದ್ದು ಯಾಕೆ? ಮೂರಕ್ಕೂ ಬೇರೆ ಬೇರೆ ಉತ್ತರ ಬರಬೇಕು. ಒಂದೇ ಉತ್ತರ ಬಂದರೆ ಅನುಮಾನಪಡಿ.

ಮೊದಲನೆಯದು, ಹುಟ್ಟಿದ್ದು. ಟ್ಯಾಪ್ ಹಿಡಿಯುವ ಕೊಲೆಟ್‌ನಲ್ಲಿ ಹಿಂದೆ ತಡೆ ಇರಲಿಲ್ಲ. ಟ್ಯಾಪ್ ಎಷ್ಟು ಒಳಗೆ ತಳ್ಳಿದರೂ ಹೋಗುತ್ತದೆ. ಹಗಲು ಸೆಟ್ಟರ್ ಇರುತ್ತಾರೆ, ಉದ್ದ ಅಳೆದು ಆಫ್‌ಸೆಟ್ ಹಾಕುತ್ತಾರೆ. ರಾತ್ರಿ ಆಪರೇಟರ್ ಕಣ್ಣಳತೆಯಲ್ಲಿ ಹಾಕಿ ಹಳೆಯ ಆಫ್‌ಸೆಟ್‌ನಲ್ಲೇ ಓಡಿಸುತ್ತಾನೆ. ಪ್ರೋಗ್ರಾಂನಲ್ಲಿ `G43 H05` ಅಂತ ಇದೆ. ಮಷಿನ್ ಆಫ್‌ಸೆಟ್ ಪಟ್ಟಿಯ ಐದನೇ ಸಾಲಿನಲ್ಲಿ ಬರೆದ ಉದ್ದವನ್ನೇ ನಂಬುತ್ತದೆ. ಟ್ಯಾಪ್ 3.5 ಮಿಮೀ ಒಳಗೆ ಕೂತರೆ ಥ್ರೆಡ್ 3.5 ಮಿಮೀ ಕಮ್ಮಿ, ಅಷ್ಟೇ ಲೆಕ್ಕ.

ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಟ್ಯಾಪ್ ಹೊರಗೆ ಜಾಸ್ತಿ ಕೂತರೆ? ಅದರ ತುದಿ ತೂತಿನ ತಳಕ್ಕೆ ಬಡಿದು ಮುರಿಯುತ್ತದೆ. ನಮ್ಮ ತೂತಿನಲ್ಲಿ ಇರುವ ಬಿಡುವು ಒಂದು ಮಿಮೀ ಆಸುಪಾಸು. ಅಂದರೆ ಒಂದು ಕಡೆಯ ತಪ್ಪು ಸದ್ದು ಮಾಡಿ ಹೇಳುತ್ತದೆ, ಇನ್ನೊಂದು ಕಡೆಯದು ಸುಮ್ನೆ ಟ್ರಾಲಿ ಹತ್ತಿ ಹೋಗುತ್ತದೆ. ಟ್ಯಾಪ್ ಆಗಾಗ ಮುರಿಯುತ್ತದೆ ಅಂತ ಪ್ರೊಡಕ್ಷನ್‌ನವರು ಬೇರೆಯೇ ಗೋಳು ಹೇಳುತ್ತಿದ್ದರು. ಅದೂ ಇದೂ ಒಂದೇ ಕಾಯಿಲೆ ಅಂತ ಆಗ ಯಾರಿಗೆ ಗೊತ್ತಿತ್ತು?

ಎರಡನೆಯದು, ತಪ್ಪಿಸಿಕೊಂಡದ್ದು. ಕಂಟ್ರೋಲ್ ಪ್ಲಾನ್‌ನಲ್ಲಿ 20 ಪೀಸ್‌ಗೆ ಒಂದು ಥ್ರೆಡ್ ಗೇಜ್ ಹಾಕಿ ನೋಡಬೇಕು ಅಂತ ಇದೆ. ಆಪರೇಟರ್ ಹಾಕಿದ್ದಾನೆ, ಟಿಕ್ ಮಾಡಿದ್ದಾನೆ, ಸುಳ್ಳಲ್ಲ. ನಾನು ಅವನ ಪಕ್ಕ ನಿಂತು ನೋಡಿದೆ. ಗೋ ಗೇಜ್ ತಿರುಗಿಸುತ್ತಾ ಹೋದ, ಅದು ನಿಂತಿತು, "ಓಕೆ ಸರ್" ಅಂದ. ಇನ್ನೊಂದು ಪೀಸ್ ಕೊಟ್ಟು ಸುತ್ತು ಎಣಿಸು ಅಂದೆ. ಎಂ8ನಲ್ಲಿ ಒಂದು ಸುತ್ತಿಗೆ 1.25 ಮಿಮೀ. 18 ಮಿಮೀ ಇದ್ದರೆ 14 ಸುತ್ತು ದಾಟಬೇಕು. ಹನ್ನೊಂದೂವರೆಗೆ ನಿಂತಿತು. ಹುಡುಗ ನನ್ನ ಮುಖ ನೋಡಿದ, ನಾನು ಗೇಜ್ ನೋಡಿದೆ. ಅದರ ಮೇಲೆ ಆಳ ತೋರಿಸುವ ಗುರುತೇ ಇರಲಿಲ್ಲ. ಥ್ರೆಡ್‌ನ ಸೈಜ್ ಸರಿಯಿದೆಯಾ ಅಂತ ಮಾತ್ರ ಅದು ಹೇಳುತ್ತದೆ, ಎಷ್ಟು ಆಳ ಇದೆ ಅಂತ ಅಲ್ಲ. ಇದರಲ್ಲಿ ಯಾರ ನಿರ್ಲಕ್ಷ್ಯ? ಕಂಟ್ರೋಲ್ ಪ್ಲಾನ್ ಬರೆದ ನನ್ನದು.

ಮೂರನೆಯದು ಎಲ್ಲಕ್ಕಿಂತ ಕಹಿ. ಒಂದನೇ ಶಿಫ್ಟ್ ಶುರುವಿನಲ್ಲಿ ಫಸ್ಟ್ ಪೀಸ್ ಅಳೆಯುತ್ತಾರೆ, ಅದರಲ್ಲಿ ಆಳವೂ ಇದೆ. ಆ ದಿನದ ಹಾಳೆ ತೆಗೆದೆ. ಸೆಟ್ಟರ್ ಕಾಕಾ ಅಚ್ಚುಕಟ್ಟಾಗಿ ಬರೆದಿದ್ದರು: ಆಳ 14.5, ಸರಿಪಡಿಸಿದ ಮೇಲೆ 18.2. ಕರೆದು ಕೇಳಿದೆ.

"ಫಸ್ಟ್ ಪೀಸ್ ಕಮ್ಮಿ ಬಂತ್ರೀ ಸಾಹೇಬ್ರ, ಆಫ್‌ಸೆಟ್ ಕೊಟ್ಟು ಸರಿ ಮಾಡೀನಿ. ಬರ್ದೀನಲ್ರೀ ಅದರಾಗ."

"ಅದಕ್ಕೂ ಹಿಂದಿನ ಪೀಸ್ ಏನ್ ಮಾಡಿದ್ರಿ ಕಾಕಾ?"

"ಅವು ರಾತ್ರಿಯವ್ರದು. ಟ್ರಾಲಿ ಹೋಗಿಬಿಟ್ಟಿತ್ತಲ್ರೀ."

ಅವರದೇನು ತಪ್ಪು? ಕಂಟ್ರೋಲ್ ಪ್ಲಾನ್‌ನ ಕೊನೇ ಖಾನೆಯಲ್ಲಿ, ಅಳತೆ ತಪ್ಪಿದರೆ ಏನು ಮಾಡಬೇಕು ಅನ್ನುವಲ್ಲಿ, "ಆಫ್‌ಸೆಟ್ ಸರಿಪಡಿಸಿ" ಅಂತಷ್ಟೇ ಇತ್ತು. ಕೊನೆಯದಾಗಿ ಸರಿ ಬಂದ ಪೀಸ್‌ನಿಂದ ಇಲ್ಲಿಯವರೆಗೆ ಎಲ್ಲ ತಡೆಹಿಡಿಯಿರಿ ಅಂತ ಇರಲೇ ಇಲ್ಲ. ದೋಷ ನಮ್ಮದೇ ಹಾಳೆಯಲ್ಲಿ, ನಮ್ಮದೇ ಅಕ್ಷರದಲ್ಲಿ, ಮಾಲು ಗೇಟ್ ದಾಟುವ ಮೊದಲೇ ದಾಖಲಾಗಿತ್ತು.

ಇನ್ನೂ ಒಂದು ಸುತ್ತು ಇದೆ. ಒಳಗೆ ಕೂತ ಟ್ಯಾಪ್‌ಗೆ ಹೊಂದುವ ಹಾಗೆ ಕಾಕಾ ಆಫ್‌ಸೆಟ್ ಕೊಟ್ಟರು, ಸರಿ. ಮುಂದಿನ ರಾತ್ರಿ ಇನ್ನೊಬ್ಬ ಟ್ಯಾಪ್ ಬದಲಿಸುತ್ತಾನೆ, ಸರಿಯಾದ ಉದ್ದಕ್ಕೇ ಹಾಕುತ್ತಾನೆ. ಈಗ ಅದು 3.5 ಮಿಮೀ ಹೆಚ್ಚು ಆಳಕ್ಕೆ ಹೋಗಿ ತಳಕ್ಕೆ ಬಡಿದು ಮುರಿಯುತ್ತದೆ. ಮತ್ತೆ ರಾತ್ರಿ ಟ್ಯಾಪ್ ಬದಲು, ಮತ್ತೆ ಕಣ್ಣಳತೆ. ಸರಿಪಡಿಸಿದ್ದೇ ಮುಂದಿನ ದೋಷಕ್ಕೆ ಬೀಜ.

ಲಕ್ಷಣ 4: ಕಾರಣ ಸಿಕ್ಕ ಹಾಗಿದೆ, ಆದರೆ ಖಾತ್ರಿ ಇಲ್ಲ

ಇಲ್ಲಿಂದ ಮಷಿನ್ ಬೇಕು. ಕಾರಣ ನಿಜವಾದರೆ ಅದನ್ನು ಹಾಕಿದರೆ ದೋಷ ಬರಬೇಕು, ತೆಗೆದರೆ ಹೋಗಬೇಕು. ಸ್ವಿಚ್ ತರಹ. ಊಹೆಗೂ ಕಾರಣಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಗುರುವಾರ ಇಲ್ಲಿ ವಾರದ ರಜೆ, ಲೈನ್ ಖಾಲಿ. ಅವತ್ತು ನಾವು ಬೇಕಂತಲೇ ಟ್ಯಾಪನ್ನು 3.5 ಮಿಮೀ ಒಳಗೆ ಕೂರಿಸಿ 5 ಪೀಸ್ ಓಡಿಸಿದೆವು. ಐದರಲ್ಲೂ ಆಳ 14.5ರ ಅಕ್ಕಪಕ್ಕ. ಸರಿಯಾದ ಉದ್ದಕ್ಕೆ ಕೂರಿಸಿ ಇನ್ನೈದು ಓಡಿಸಿದೆವು, 18 ದಾಟಿತು. ಮತ್ತೆ ಒಳಗೆ ಕೂರಿಸಿದೆವು, ಮತ್ತೆ 14.5. ಹೀಗೆ ಎರಡು ಸಲ ಹಾಕಿ ತೆಗೆದು ನೋಡಿ. ಒಂದೇ ಸಲವಾದರೆ ಕಾಕತಾಳೀಯ ಇರಬಹುದು.

ಎಚ್ಚರಿಕೆ ಎರಡು. ಬೇಕಂತಲೇ ಕೆಡಿಸಿದ ಪೀಸ್‌ಗೆ ಅಲ್ಲೇ ಕೆಂಪು ಬಣ್ಣ ಹೊಡೆಯಿರಿ, ಎಣಿಸಿ ಇಡಿ, ಕೆಲಸ ಮುಗಿದ ಮೇಲೆ ಕತ್ತರಿಸಿ ಹಾಕಿ. ಪ್ರಯೋಗದ ಪೀಸೇ ಕಸ್ಟಮರ್‌ಗೆ ಹೋದ ಕತೆ ಈ ಎಂಐಡಿಸಿಯಲ್ಲಿ ಹೊಸದಲ್ಲ. ಇನ್ನೊಂದು, ಟ್ಯಾಪ್ ಒಳಗೆ ಹೊರಗೆ ಮಾಡುವಾಗ ಸ್ಪಿಂಡಲ್ ಪೂರ್ತಿ ನಿಂತಿರಲಿ. ಹತ್ತಿರದಿಂದ ನೋಡಬೇಕು ಅಂತ ಬಾಗಿಲಿನ ಇಂಟರ್‌ಲಾಕ್ ಬೈಪಾಸ್ ಮಾಡಲೇಬೇಡಿ. ಮುರಿದ ಟ್ಯಾಪ್ ಚೂರು ಎಲ್ಲಿ ಹಾರುತ್ತದೆ ಹೇಳಲಾಗದು.

ಇಲ್ಲಿ ನಿಲ್ಲಿ: ಎರಡು ಬಾರಿ ಪ್ರಯತ್ನಿಸಿದರೂ ದೋಷ ಬರಲಿಲ್ಲ ಅಂದರೆ ನಿಮ್ಮ ಕಾರಣ ತಪ್ಪು, ಅಥವಾ ಅರ್ಧ. ರಿಪೋರ್ಟ್‌ಗೆ ದಿನ ಮುಗಿಯಿತು ಅಂತ ಅದನ್ನೇ ಬರೆಯಬೇಡಿ. ಕಸ್ಟಮರ್‌ಗೆ ಹೇಳಿ ಸಮಯ ಕೇಳಿ, ಅಷ್ಟು ದಿನ ಆರಿಸಿಯೇ ಮಾಲು ಕಳಿಸಿ. ಅವರ ಅಳತೆಯೂ ನಿಮ್ಮ ಅಳತೆಯೂ ಹೊಂದದಿದ್ದರೆ ಅದೇ ಪೀಸ್, ಅದೇ ಗೇಜ್ ಇಟ್ಟುಕೊಂಡು ಇಬ್ಬರೂ ಒಟ್ಟಿಗೆ ಅಳೆಯಿರಿ. ಮೆಟೀರಿಯಲ್ ಮೇಲೆ ಅನುಮಾನ ಇದ್ದರೆ ಲ್ಯಾಬ್‌ಗೆ ಕಳಿಸಿ, ಶಾಪ್‌ನಲ್ಲಿ ಕೂತು ವಾದ ಮಾಡಿ ಪ್ರಯೋಜನವಿಲ್ಲ.

ಕ್ರಮ ಏನು ತೆಗೆದುಕೊಂಡೆವು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ, ಕಾರಣ ಗೊತ್ತಾದ ಮೇಲೆ ಅದು ಕಷ್ಟವಲ್ಲ. ಕೊಲೆಟ್ ಹೋಲ್ಡರ್‌ಗೆ ಹಿಂದೆ ತಡೆಯುವ ಸ್ಕ್ರೂ ಹಾಕಿದೆವು. ಟೂಲ್ ರೂಮಿನಲ್ಲೇ ಒಂದು ಬುಷ್ ತಿರುಗಿಸಿದೆವು. ಹೋಲ್ಡರ್ ಮೇಲೆ ಅದನ್ನಿಟ್ಟರೆ ಟ್ಯಾಪ್ ತುದಿ ಬುಷ್‌ನ ಮುಖಕ್ಕೆ ಸಮ ಇರಬೇಕು, ಉಗುರು ಆಡಿಸಿದರೆ ಗೊತ್ತಾಗುತ್ತದೆ. ಹಗಲು ಸೆಟ್ಟರ್ ಎರಡು ಹೋಲ್ಡರ್ ಹೀಗೆ ಸಿದ್ಧ ಮಾಡಿ ಮಷಿನ್ ಪಕ್ಕ ಇಡುತ್ತಾರೆ. ರಾತ್ರಿ ಟ್ಯಾಪ್ ಮುರಿದರೆ ಪೂರ್ತಿ ಹೋಲ್ಡರ್ ಬದಲು, ಟ್ಯಾಪ್ ಮುಟ್ಟುವ ಹಾಗಿಲ್ಲ, ಆಫ್‌ಸೆಟ್ ಮುಟ್ಟುವ ಹಾಗಿಲ್ಲ. ಗೇಜ್‌ಗೆ ಕಾಲರ್ ಕೂರಿಸಿದೆವು. ಕಾಲರ್ ಪೀಸ್‌ಗೆ ತಾಗಲಿಲ್ಲ ಅಂದರೆ ರಿಜೆಕ್ಟ್. ಟ್ಯಾಪ್ ಬದಲಾದ ಮೇಲೆ ಬರುವ ಮೊದಲ ಪೀಸ್‌ಗೂ ಆಳ ಕಡ್ಡಾಯ. ಕಂಟ್ರೋಲ್ ಪ್ಲಾನ್‌ನ ಕೊನೇ ಖಾನೆಯಲ್ಲಿ, ಕೊನೆಯ ಸರಿ ಪೀಸ್‌ವರೆಗೆ ಹಿಂದಕ್ಕೆ ಹೋಗಿ ತಡೆಹಿಡಿದು ಹೋಲ್ಡ್ ಟ್ಯಾಗ್ ಹಾಕಿ ಅಂತ ಬರೆದೆವು.

ನೂರಕ್ಕೆ ನೂರು ತಪಾಸಣೆಯನ್ನು ಕ್ರಮ ಅಂತ ಬರೆಯಬೇಡಿ. ಅದು ಮಾಲು ತಡೆಯುವ ತಾತ್ಕಾಲಿಕ ಉಪಾಯ. ಯಾವಾಗ ನಿಲ್ಲಿಸುತ್ತೀರಿ ಅಂತ ಶುರು ಮಾಡುವಾಗಲೇ ಬರೆದಿಡಿ, ಇಲ್ಲದಿದ್ದರೆ ವರ್ಷಗಟ್ಟಲೆ ಇಬ್ಬರು ಹುಡುಗರು ಅಲ್ಲೇ ಕೂತಿರುತ್ತಾರೆ.

ಲಕ್ಷಣ 5: ಮೂರು ಲಾಟ್ ಸೊನ್ನೆ, ದೂರು ಮುಚ್ಚಿದೆ, ಆದರೂ ದೋಷ ಮರಳಿ ಬಂತು

ನನ್ನ ಪ್ರಕಾರ ನಾವೆಲ್ಲ ಎಡವುವುದು ಇಲ್ಲೇ. "ಮುಂದಿನ ಮೂರು ಲಾಟ್‌ನಲ್ಲಿ ದೋಷವಿಲ್ಲ" ಅನ್ನುವ ಸಾಲು ಎಲ್ಲ ರಿಪೋರ್ಟ್‌ನಲ್ಲೂ ಇರುತ್ತದೆ. ನಮ್ಮ ಮೊದಲ ರಿಪೋರ್ಟ್‌ನಲ್ಲೂ ಇತ್ತು. ಅದು ಸುಳ್ಳೂ ಅಲ್ಲ. ಆ ಮೂರು ಲಾಟ್ ನಡೆದ ಮೂರು ವಾರದಲ್ಲಿ ರಾತ್ರಿ ಎಷ್ಟು ಸಲ ಟ್ಯಾಪ್ ಬದಲಾಗಿತ್ತು ಅಂತ ಆಮೇಲೆ ರಿಜಿಸ್ಟರ್ ನೋಡಿದೆ. ಒಂದೇ ಸಲ. ಸಾವಿರಾರು ಪೀಸ್ ನೋಡಿದ್ದೆವು, ಆದರೆ ಕಾರಣಕ್ಕೆ ತಲೆ ಎತ್ತುವ ಅವಕಾಶ ಸಿಕ್ಕಿದ್ದು ಒಂದು ಸಲ. ಅವತ್ತು ಅದೃಷ್ಟ ಚೆನ್ನಾಗಿತ್ತು.

ಅದಕ್ಕೇ ಪೀಸ್ ಎಣಿಸಬೇಡಿ, ಅವಕಾಶ ಎಣಿಸಿ. ನಮ್ಮ ದೋಷ ಹುಟ್ಟುವುದು ರಾತ್ರಿ ಟ್ಯಾಪ್ ಬದಲಾದಾಗ. ಮೂರು ತಿಂಗಳ ರಿಜಿಸ್ಟರ್‌ನಲ್ಲಿ ಒಟ್ಟು 26 ಬದಲಾವಣೆ, ರಾತ್ರಿಯವು 9. ಅವುಗಳಲ್ಲಿ ದೋಷ ಬಂದದ್ದು, ನಮಗೆ ತಿಳಿದ ಮಟ್ಟಿಗೆ, 2. ಅಂದರೆ ಏನೂ ಕ್ರಮ ತೆಗೆದುಕೊಳ್ಳದಿದ್ದರೂ ಒಂದು ರಾತ್ರಿಯ ಬದಲಾವಣೆ ಸುಸೂತ್ರವಾಗಿ ಹೋಗುವ ಸಾಧ್ಯತೆ ಒಂಬತ್ತಕ್ಕೆ ಏಳು. ಮೂರು ಬದಲಾವಣೆ ಸುಸೂತ್ರ ಹೋದರೆ?

```
(7/9)^3  = 0.47
(7/9)^12 = 0.049
```

ಮೂರು ನೋಡಿ ನಿಲ್ಲಿಸಿದರೆ, ಕ್ರಮ ಸುಳ್ಳಾಗಿದ್ದರೂ ಪಾಸಾಗುವ ಸಾಧ್ಯತೆ ಹತ್ತಿರಹತ್ತಿರ ಅರ್ಧ. ನಾಣ್ಯ ಚಿಮ್ಮಿದ ಹಾಗೆ. ಹನ್ನೆರಡು ನೋಡಿದರೆ ಅದು ನೂರಕ್ಕೆ ಐದಕ್ಕೆ ಇಳಿಯುತ್ತದೆ. ಆದ್ದರಿಂದ ನಮ್ಮ ಗುರಿ 12 ರಾತ್ರಿ ಬದಲಾವಣೆ. 9 ಘಟನೆಯ ಮೇಲೆ ಕಟ್ಟಿದ ಲೆಕ್ಕ ಇದು, ಚಿನ್ನದ ತಕ್ಕಡಿ ಅಲ್ಲ. ಆದರೂ "ಮೂರು ಲಾಟ್" ಅನ್ನುವ ರೂಢಿಗಿಂತ ಎಷ್ಟೋ ಮೇಲು.

ತೊಂದರೆ ಏನೆಂದರೆ ಮೂರು ತಿಂಗಳಿಗೆ ಒಂಬತ್ತಾದರೆ ಹನ್ನೆರಡಕ್ಕೆ ನಾಲ್ಕು ತಿಂಗಳು ಬೇಕು. ಕಸ್ಟಮರ್ ಕಾಯುತ್ತಾನಾ? ನಾವು ಟ್ಯಾಪ್ ಮುರಿಯಲಿ ಅಂತ ಕಾಯಲಿಲ್ಲ. ವಾರಕ್ಕೆ ಎರಡು ಸಲ ರಾತ್ರಿ ಶಿಫ್ಟ್‌ನಲ್ಲಿ ಬೇಕಂತಲೇ ಹೋಲ್ಡರ್ ಬದಲಿಸಲು ಹೇಳಿದೆವು, ಬೇರೆ ಬೇರೆ ಆಪರೇಟರ್‌ಗಳಿಂದ, ಮುಂಚೆ ತಿಳಿಸದೆ. ತಾವಾಗಿ ಮುರಿದವು ಎರಡು. ಐದು ವಾರಕ್ಕೆ ಹನ್ನೆರಡು ಮುಗಿಯಿತು. ಎಲ್ಲದರ ಮೊದಲ ಪೀಸ್‌ನ ಆಳ ಬರೆದಿಟ್ಟೆವು, ಅತಿ ಕಮ್ಮಿ ಬಂದದ್ದು 18.1. ಟಿಕ್ ಮಾರ್ಕ್ ಬದಲು ಅಳತೆಯನ್ನೇ ಬರೆದದ್ದು ಯಾಕೆಂದರೆ ಅಳತೆ ಜಾರುತ್ತಿರುವುದನ್ನು ಟಿಕ್ ತೋರಿಸುವುದಿಲ್ಲ.

ಗೇಜ್‌ಗೆ ಬೇರೆ ಪರೀಕ್ಷೆ. 20 ಪೀಸ್, ಅದರಲ್ಲಿ 5 ಕೆಟ್ಟವು ಬೆರೆಸಿ, ಮೂವರು ಆಪರೇಟರ್‌ಗಳಿಗೆ ಎರಡೆರಡು ಸಲ ಕೊಟ್ಟೆವು. ಐದನ್ನೂ ಎಲ್ಲರೂ ಎರಡೂ ಸಲ ಹಿಡಿದರು. ಅದರಲ್ಲಿ ಒಂದು ಕೆಟ್ಟ ಪೀಸ್ ಈಗ ಕೆಂಪು ಬಣ್ಣ ಬಳಿದುಕೊಂಡು ಸರಪಳಿ ಕಟ್ಟಿ ಮಷಿನ್ ಪಕ್ಕ ನೇತಾಡುತ್ತಿದೆ. ಪ್ರತಿ ಶಿಫ್ಟ್ ಶುರುವಿನಲ್ಲಿ ಅದಕ್ಕೆ ಗೇಜ್ ಹಾಕಬೇಕು, ಗೇಜ್ ರಿಜೆಕ್ಟ್ ಅನ್ನಬೇಕು. ಕಾಲರ್ ಸಡಿಲವಾಗಿ ಜಾರಿದರೆ ಅವತ್ತೇ ಗೊತ್ತಾಗುತ್ತದೆ.

ಮೂರನೇ ಕ್ರಮ, ಹಿಂದಕ್ಕೆ ಹೋಗಿ ತಡೆಹಿಡಿಯುವುದು. ಇದನ್ನು ಪರೀಕ್ಷಿಸಲು ಐದು ವಾರದ ಎಲ್ಲ ಮಷಿನ್‌ಗಳ ಫಸ್ಟ್ ಪೀಸ್ ಹಾಳೆ ತಿರುವಿದೆ. ಅಳತೆ ತಪ್ಪಿದ ನಾಲ್ಕು ನಮೂದು ಸಿಕ್ಕವು. ಮೂರಕ್ಕೆ ಹೋಲ್ಡ್ ಟ್ಯಾಗ್ ನಂಬರ್ ಇತ್ತು. ಒಂದಕ್ಕೆ ಇಲ್ಲ. ಅದು ಇನ್ನೊಂದು ಲೈನಿನ ಎಂ6 ಕವರ್.

ಲಕ್ಷಣ 6: ಈ ಪಾರ್ಟ್ ಸರಿಯಾಯಿತು, ಅದೇ ದೋಷ ಪಕ್ಕದ ಪಾರ್ಟ್‌ನಲ್ಲಿ ಬಂತು

ಐಎಸ್‌ಒ 9001ರ 2015ರ ಆವೃತ್ತಿಯಲ್ಲಿ ಪ್ರಿವೆಂಟಿವ್ ಆ್ಯಕ್ಷನ್ ಅನ್ನುವ ಬೇರೆ ಕಲಮೇ ಇಲ್ಲ, 2008ರದರಲ್ಲಿ ಇತ್ತು. ಅದರ ಜಾಗಕ್ಕೆ ರಿಸ್ಕ್ ಯೋಚಿಸಿ ಅಂತ ಬಂತು. ಕಾಪಾ ಅನ್ನುವ ಹೆಸರು ಮಾತ್ರ ನಮ್ಮ ಬಾಯಲ್ಲಿ ಉಳಿದಿದೆ. ಆದರೆ 10.2 ಕಲಮು ಕೇಳುವುದು ಸ್ಪಷ್ಟ: ಇಂಥದ್ದೇ ಬೇರೆಲ್ಲಾದರೂ ಇದೆಯಾ, ಆಗಬಹುದಾ ನೋಡಿ, ಕ್ರಮ ಫಲಿಸಿತಾ ನೋಡಿ.

ನೋಡುವ ಬಗೆ ಹೀಗೆ. ಪಾರ್ಟ್ ನಂಬರ್ ಹಿಡಿದು ಹುಡುಕಬೇಡಿ, ಕಾರಣ ಹಿಡಿದು ಹುಡುಕಿ. ತಡೆ ಇಲ್ಲದ ಕೊಲೆಟ್‌ನಲ್ಲಿ ಟ್ಯಾಪ್ ಹಿಡಿಯುವ ಮಷಿನ್ ಯಾವುವು, ಆರಪಾರ ಇಲ್ಲದ ತೂತು ಯಾವುದರಲ್ಲಿದೆ, ಆಳ ತೋರಿಸದ ಗೇಜ್ ಎಲ್ಲಿದೆ? ನಮ್ಮಲ್ಲಿ ಇನ್ನೂ ಮೂರು ಮಷಿನ್ ಸಿಕ್ಕವು. ಯಾವ ಹಂತದಲ್ಲಿ ಏನು ಕೆಡಬಹುದು ಅಂತ ಮೊದಲೇ ಬರೆದಿಡುವ ಪಿಎಫ್‌ಎಂಇಎ ತೆಗೆದು ನೋಡಿದರೆ ಥ್ರೆಡ್ ಆಳ ಕಮ್ಮಿ ಅನ್ನುವ ಸಾಲೇ ಇರಲಿಲ್ಲ. ಥ್ರೆಡ್ ಸೈಜ್ ತಪ್ಪು ಅಂತ ಇತ್ತು, ಅಷ್ಟೇ. ಸಾಲು ಸೇರಿಸಿದೆವು. ಪಿಎಫ್‌ಎಂಇಎ, ಕಂಟ್ರೋಲ್ ಪ್ಲಾನ್, ಮಷಿನ್ ಮೇಲೆ ಅಂಟಿಸಿದ ಹಾಳೆ ಮೂರರಲ್ಲೂ ಒಂದೇ ಮಾತು ಇದೆಯಾ ಅಂತ ಪಕ್ಕಪಕ್ಕ ಇಟ್ಟು ಓದಿ. ಆಡಿಟರ್ ಮೊದಲು ಮಾಡುವುದೂ ಅದನ್ನೇ.

ಮುಚ್ಚುವ ಮುನ್ನ ನಾನು ಈಗ ಒಂದು ಕೆಲಸ ಮಾಡುತ್ತೇನೆ. ರಿಪೋರ್ಟ್‌ನ ಪ್ರತಿ ಕಾರಣದ ಮುಂದೆ ಅದರ ಕ್ರಮ, ಅದರ ಪರೀಕ್ಷೆ, ಪರೀಕ್ಷೆಯ ಅಂಕಿ, ಯಾರು ಯಾವತ್ತು ನೋಡಿದರು ಎಲ್ಲ ಒಂದೇ ಅಡ್ಡಸಾಲಿನಲ್ಲಿ ಇರಬೇಕು. ಒಂದು ಖಾನೆ ಖಾಲಿ ಇದ್ದರೆ ಆ ಸಾಲು ತೆರೆದೇ ಇರುತ್ತದೆ. ಟ್ರೇನಿಂಗ್ ಫೋಟೊ ಅಂಕಿ ಅಲ್ಲ. ಕ್ರಮ ಮಾಡಿದವನೇ ಪರೀಕ್ಷೆಗೂ ಸಹಿ ಹಾಕುವ ಹಾಗಿಲ್ಲ.

ಬ್ರಾಕೆಟ್‌ನ ಮೂರೂ ಸಾಲು ತುಂಬಿ ಕಸ್ಟಮರ್ ಸಹಿ ಆಯಿತು. ಎಂ6 ಕವರ್‌ನ ಸಾಲು ಇನ್ನೂ ತೆರೆದಿದೆ. ಹೋಲ್ಡ್ ಟ್ಯಾಗ್ ತಪ್ಪಿದ ಲಾಟ್ ವಾಪಸ್ ತರಿಸಿ ಆರಿಸಿದ್ದೇವೆ, ಲೆಕ್ಕ ಕೂಡಿದೆ. ಹೋಲ್ಡರ್‌ಗೆ ತಡೆ ಸ್ಕ್ರೂ ಹಾಕಿದ್ದೇವೆ. ರಾತ್ರಿ ಬದಲಾವಣೆ ಇವತ್ತಿಗೆ ಏಳು ಆಗಿದೆ, ಐದು ಬಾಕಿ.